ಎರಡು ಹನ್ನೆರಡು: ಹುಣಸೆ ಮರದ ಶಾರ್ಟ್ ಫಿಲ್ಮ್, ಐದನೇ ಕಂತು

ಕಳೆದ ಕಂತಿನಲ್ಲಿ ಮೊದಲ ಎರಡು ದಿನದ ಶೂಟಿಂಗ್ ಸಲೀಸಾಗಿ ಮುಗಿಯಿತು ಅಂತ ಬರೆದಿದ್ದೆ. ಆ ಮಾತನ್ನು ವಾಪಸ್ ತಗೊಳ್ತೀನಿ.

ಭಾನುವಾರ ರಾತ್ರಿ ಎಡಿಟಿಂಗ್‌ಗೆ ಕೂತು ಸೀನ್ ಹನ್ನೆರಡರ ಮೊದಲ ಶಾಟ್ ಎಳೆದು, ಅದರ ಆಡಿಯೋ ಜೋಡಿಸಿದೆ. ಪರದೆ ಮೇಲೆ ತಾಯಿ ಅಂಗಳದಲ್ಲಿ ಕೂತು ಸುಮ್ನೆ ಹುಣಸೆ ಬೀಜ ಬಿಡಿಸುತ್ತಿದ್ದಾಳೆ. ಸ್ಪೀಕರ್‌ನಲ್ಲಿ "ನಿನ್ನ ಪಾಲು ನಿಂಗೆ, ನನ್ನ ಪಾಲು ನಂಗೆ ಕಣೋ" ಅಂತ ಅಣ್ಣತಮ್ಮ ಕಿರುಚುತ್ತಿದ್ದಾರೆ. ಕ್ಲಾಪ್ ನೋಡಿದರೆ ಎರಡರಲ್ಲೂ ಒಂದೇ: ಸೀನ್ 12, ಶಾಟ್ 1, ಟೇಕ್ 1. ನಮ್ಮ ಸಿನಿಮಾದಲ್ಲಿ ಎರಡು ಹನ್ನೆರಡು ಇದ್ದವು.

ತಪ್ಪು ಕ್ಯಾಮೆರಾದ್ದಲ್ಲ, ಸೌಂಡ್ ಹುಡುಗನದ್ದೂ ಅಲ್ಲ. ಸ್ಪೆಕ್ ಸ್ಕ್ರಿಪ್ಟ್ ಎಲ್ಲಿ ಮುಗಿದು ಶೂಟಿಂಗ್ ಸ್ಕ್ರಿಪ್ಟ್ ಎಲ್ಲಿ ಶುರುವಾಗಬೇಕು ಅನ್ನೋದು ನನಗೆ ಗೊತ್ತಾಗಲಿಲ್ಲ, ಅಷ್ಟೇ.

ನಾಲ್ಕನೇ ಡ್ರಾಫ್ಟ್ ಮುಗಿದಾಗ 18 ಪುಟ, 22 ಸೀನ್ ಇತ್ತು. ಅದಿನ್ನೂ ಸ್ಪೆಕ್: ಓದುವವರಿಗಾಗಿ ಬರೆದದ್ದು, ಕಥೆ ಹಿಡಿಸುತ್ತದಾ ಇಲ್ಲವಾ ಅಂತ ಹೇಳಲಿಕ್ಕೆ. ಅಂಥದ್ದಕ್ಕೆ ಸೀನ್ ನಂಬರ್ ಬೇಡ, ಕ್ಯಾಮೆರಾ ಎಲ್ಲಿಡಬೇಕು ಅನ್ನೋ ಮಾತೂ ಬೇಡ. ಆದರೆ ಸಾಫ್ಟ್‌ವೇರ್‌ನಲ್ಲಿ ನಂಬರ್ ಹಾಕುವ ಗುಂಡಿ ಕಣ್ಣಿಗೆ ಬಿತ್ತು. ಒತ್ತಿದೆ. ಎರಡೂ ಅಂಚಿನಲ್ಲಿ ನಂಬರ್ ಬಂದ ಕೂಡಲೇ ಪುಟಕ್ಕೆ ಒಂದು ಗತ್ತು ಬಂತು ನೋಡಿ! ಆ ಗತ್ತಿಗೆ ಮರುಳಾಗಿ ಪಿಡಿಎಫ್ ಮಾಡಿ ಅಸೋಸಿಯೇಟ್ ಡೈರೆಕ್ಟರ್ ಆಗಿರುವ ಗೆಳೆಯನಿಗೆ ಕಳಿಸಿದೆ. ಅವನು ಪಾಪ, ನೋಟ್‌ಬುಕ್ ತೆಗೆದು ಬ್ರೇಕ್‌ಡೌನ್ ಬರೆದ. ಯಾವ ಸೀನಿಗೆ ಯಾರು, ಯಾವ ಬಟ್ಟೆ, ಯಾವ ಸಾಮಾನು, ಪುಟದ ಎಂಟು ಭಾಗದಲ್ಲಿ ಎಷ್ಟು ಭಾಗ, ಎಲ್ಲ.

ಆಮೇಲೆ ಮಂಡಿ ಕೈಕೊಟ್ಟಿತು. ಸೀನ್ 7 ತುಮಕೂರಿನ ಹುಣಸೆ ಮಂಡಿಯಲ್ಲಿ ನಡೆಯಬೇಕಿತ್ತು. ಮೊದಲು ಬಾಯ್ತುಂಬ "ಬನ್ನಿ" ಅಂದಿದ್ದ ಮಂಡಿಯವರು, ಸೀಸನ್ ಜೋರಾದಾಗ "ಮೂಟೆ ಇಳಿಸೋಕೆ ಜಾಗ ಇಲ್ಲ, ನಿಮ್ಮ ಲೈಟು ಎಲ್ಲಿಡ್ತೀರಿ" ಅಂದರು. ನ್ಯಾಯವೇ. ನಾನು ಏಳನ್ನು ಅಳಿಸಿದೆ. ಸಾಫ್ಟ್‌ವೇರ್ ಉಪಕಾರ ಮಾಡುವವರ ಹಾಗೆ ಎಂಟನ್ನು ಏಳು ಮಾಡಿತು, ಒಂಬತ್ತನ್ನು ಎಂಟು ಮಾಡಿತು, ಹೀಗೆ 22ರವರೆಗೂ. ಹೊಸ ಪಿಡಿಎಫ್ ಎಲ್ಲರಿಗೂ ಹೋಯಿತು. ಗೆಳೆಯನ ನೋಟ್‌ಬುಕ್ ಮಾತ್ರ ಹಳೆಯದೇ ಉಳಿಯಿತು.

ಮೊದಲ ದಿನ ಕ್ಲಾಪ್ ಬರೆದವನು ಅವನು, ನೋಟ್‌ಬುಕ್ ನೋಡಿಕೊಂಡು. ಮರದ ಕೆಳಗಿನ ಜಗಳ ಹಳೇ 12. ಎರಡನೇ ದಿನ ಅವನು ಊಟ ತರಲು ಹೋದಾಗ ಕ್ಲಾಪ್ ನಾನು ಬರೆದೆ, ಫೋನಿನಲ್ಲಿದ್ದ ಪಿಡಿಎಫ್ ನೋಡಿಕೊಂಡು. ತಾಯಿಯ ಸೀನ್ ಹಳೇ 13, ಅಂದರೆ ಹೊಸ 12. ಇನ್ನೊಂದು ಪಜೀತಿ ಕೇಳಿ. ಎರಡನೇ ದಿನದ ಪಟ್ಟಿಯಲ್ಲಿ ಸೀನ್ 15 ಇತ್ತು, ನೋಟ್‌ಬುಕ್ ಪ್ರಕಾರ. ಅತ್ತಿಗೆ ಪಾತ್ರದವರು ಹೊಸ ಪಿಡಿಎಫ್ ತೆರೆದರು. ಅದರಲ್ಲಿ 15 ಅಂದರೆ ಅವರದೇ ಸೀನ್. ಗುಬ್ಬಿಯಿಂದ ಮೊದಲ ಬಸ್ಸಿಗೆ ಬಂದು ಮಧ್ಯಾಹ್ನ ಎರಡರವರೆಗೆ ಕಾದರು. ಅವರ ಸೀನ್ ಇದ್ದದ್ದು ಮೂರನೇ ದಿನ. ಹೋಗುವಾಗ "ಡಬ್ಬಿ ತೊಳೆದು ಕೊಡ್ರಪ್ಪ" ಅಂದರು, ಬೇರೇನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ಸರಿಯಾದ ದಾರಿ ಏನು ಅಂದರೆ, ಶೂಟಿಂಗ್ ಸ್ಕ್ರಿಪ್ಟ್‌ನಲ್ಲಿ ನಂಬರ್ ಅನ್ನೋದು ಎಣಿಕೆ ಅಲ್ಲ, ಹೆಸರು. ಒಮ್ಮೆ ಇಟ್ಟ ಮೇಲೆ ಬದಲಾಯಿಸುವ ಹಾಗಿಲ್ಲ. ಸೀನ್ ತೆಗೆದರೂ ಅದರ ನಂಬರ್ ಜಾಗದಲ್ಲೇ ಇರಬೇಕು, ಪಕ್ಕದಲ್ಲಿ OMITTED ಅಂತ ಬರೆದುಕೊಂಡು. ಹೊಸ ಸೀನ್ ಬಂದರೆ ಅದಕ್ಕೆ ಅಕ್ಷರ. ಮಂಡಿಯಲ್ಲಿ ಆಡಬೇಕಿದ್ದ ಎರಡು ಮಾತನ್ನು ಈಗ ಅಂಗಳಕ್ಕೆ ತಂದಿದ್ದೇನೆ, ಅದು 7A. ನನ್ನ ಹಾಗೆ ಫೌಂಟನ್ ಅನ್ನೋ ಸ್ಕ್ರಿಪ್ಟ್ ಫಾರ್ಮ್ಯಾಟ್‌ನಲ್ಲಿ ಟೈಪ್ ಮಾಡುವವರು ನಂಬರನ್ನು ಕೈಯಲ್ಲೇ ಹೊಡೆದುಬಿಡಿ:

```
INT. ಪಡಸಾಲೆ - ರಾತ್ರಿ #6#

INT. ಮಂಡಿ - OMITTED #7#

EXT. ಅಂಗಳ - ಬೆಳಗ್ಗೆ #7A#

EXT. ಹುಣಸೆ ತೋಪು - ಮಧ್ಯಾಹ್ನ #8#
```

ಪುಟಕ್ಕೂ ಇದೇ ನಿಯಮ. ಒಂಬತ್ತನೇ ಪುಟ ಉಕ್ಕಿದರೆ ಮಿಕ್ಕದ್ದು 9A ಪುಟಕ್ಕೆ ಹೋಗುತ್ತದೆ, ಹತ್ತನೇ ಪುಟ ಅಲ್ಲಾಡುವುದಿಲ್ಲ. ಬದಲಾದ ಸಾಲಿನ ಬಲ ಅಂಚಿನಲ್ಲಿ ಒಂದು ನಕ್ಷತ್ರ ಚಿಹ್ನೆ. ಆಗ ಎಲ್ಲರೂ ಇಡೀ ಸ್ಕ್ರಿಪ್ಟ್ ಮತ್ತೆ ಓದಬೇಕಿಲ್ಲ, ಆ ಪುಟ ಮಾತ್ರ ಬದಲಿಸಿಕೊಂಡರೆ ಸಾಕು.

ಅಮೆರಿಕದ ಕಡೆ ಪ್ರತಿ ತಿದ್ದುಪಡಿಗೂ ಒಂದು ಬಣ್ಣದ ಹಾಳೆ: ಮೊದಲು ಬಿಳಿ, ಆಮೇಲೆ ನೀಲಿ, ಗುಲಾಬಿ, ಹಳದಿ, ಹಸಿರು, ಗೋಲ್ಡನ್‌ರಾಡ್. ನಾವೂ ಮಾಡೋಣ ಅಂತ ಜೆರಾಕ್ಸ್ ಅಂಗಡಿಗೆ ಹೋದೆ. ನೀಲಿ ಇಲ್ಲ. ಗುಲಾಬಿ ಇದೆ, ಆದರೆ ದಪ್ಪ ಹಾಳೆ, ಮದುವೆ ಕಾರ್ಡಿನದ್ದು. ಗೋಲ್ಡನ್‌ರಾಡ್ ಅಂದದ್ದಕ್ಕೆ "ರಾಡು ಬೇಕಿದ್ರೆ ಎದುರುಗಡೆ ಹಾರ್ಡ್‌ವೇರ್ ಅಂಗಡಿ ಸಾರ್" ಅಂದ. ಬಿಳಿ ಹಾಳೆಯ ಮೇಲ್ಗಡೆ ತಾರೀಖು ಬರೆದು ಸ್ಕೆಚ್ ಪೆನ್‌ನಲ್ಲಿ ಗೆರೆ ಎಳೆದಿದ್ದೇವೆ. ಕೆಲಸ ಆಗುತ್ತದೆ.

ಬದಲಾಗುವುದು ನಂಬರ್ ಒಂದೇ ಅಲ್ಲ. ಸ್ಪೆಕ್‌ನಲ್ಲಿ ಹೀಗೆ ಬರೆದಿದ್ದೆ: ಅಣ್ಣತಮ್ಮ ಜಗಳ ಆಡುತ್ತಾ ತೋಪಿನಿಂದ ಓಣಿ ಹಾದು ಮನೆಯೊಳಗೆ ಬರುತ್ತಾರೆ. ಓದಲು ಚೆನ್ನಾಗಿದೆ, ಉಸಿರು ಕಟ್ಟಿ ಓಡುತ್ತದೆ. ಶೂಟಿಂಗ್‌ಗೆ ಇದು ಮೂರು ಸೀನ್. ತೋಪು ಇರುವುದು ದೇವರಾಯನದುರ್ಗದ ದಾರಿಯಲ್ಲಿ, ಓಣಿ ಕ್ಯಾತ್ಸಂದ್ರದಲ್ಲಿ, ಮನೆ ನನ್ನ ಚಿಕ್ಕಮ್ಮನದು. ಮೂರು ದಿನ, ಮೂರು ಬೆಳಕು. ಒಂದೇ ನಂಬರಿನ ಅಡಿ ಇದ್ದರೆ ಅರ್ಧ ತೆಗೆದ ಸೀನನ್ನು ಪಟ್ಟಿಯಲ್ಲಿ ಹೊಡೆದುಹಾಕಬೇಕೋ ಬೇಡವೋ? ಫೋನ್ ಮಾತುಕತೆಯೂ ಹಾಗೇ. ಸ್ಪೆಕ್‌ನಲ್ಲಿ ಒಂದೇ ಹರಿವು, ಶೂಟಿಂಗ್ ಸ್ಕ್ರಿಪ್ಟ್‌ನಲ್ಲಿ ಆ ಕಡೆಗೊಂದು ನಂಬರ್, ಈ ಕಡೆಗೊಂದು. ಹಾಗಂತ ಇಷ್ಟೆಲ್ಲ ಸ್ಪೆಕ್‌ನಲ್ಲೇ ಒಡೆದರೆ ಓದುವವರಿಗೆ ಹೆಜ್ಜೆಹೆಜ್ಜೆಗೂ ಹೊಸ್ತಿಲು ಎಡವಿದ ಹಾಗಾಗುತ್ತದೆ. ಶಾಟ್‌ಗಳ ಪಟ್ಟಿ ಬೇರೆ ಹಾಳೆ, ಅದನ್ನು ಎರಡಕ್ಕೂ ತುರುಕಬೇಡಿ.

ಕಾಲೇಜಿನ ಹುಡುಗರು ಕೇಳುವುದು ಸ್ಪೆಕ್ ಅನ್ನು ಶೂಟಿಂಗ್ ಸ್ಕ್ರಿಪ್ಟ್ ಆಗಿ ಯಾವಾಗ ಬದಲಾಯಿಸಬೇಕು ಅಂತ. ನನ್ನ ಲೆಕ್ಕ ಇಷ್ಟು: ನೀವಲ್ಲದ ಇನ್ನೊಬ್ಬರು ನಿಮ್ಮ ಸೀನ್ ನಂಬರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವ ಹಿಂದಿನ ದಿನ. ಅಷ್ಟು ಹೊತ್ತಿಗೆ ಜಾಗಗಳನ್ನು ಕಣ್ಣಾರೆ ನೋಡಿರಬೇಕು, ಒಪ್ಪಿಗೆ ಬಾಯಿಮಾತಿಗಿಂತ ಗಟ್ಟಿಯಾಗಿರಬೇಕು, ನಟರು ಒಮ್ಮೆ ಕೂತು ಪೂರ್ತಿ ಓದಿರಬೇಕು. ಮೇಷ್ಟ್ರಿಗೆ, ಸ್ಪರ್ಧೆಗೆ, ದುಡ್ಡು ಹಾಕುವವರಿಗೆ ಕೊಡುವುದಾದರೆ ಸ್ಪೆಕ್ಕೇ ಇರಲಿ. ಬೇಗ ಬದಲಾಯಿಸಿದರೆ ಇನ್ನೊಂದು ನಷ್ಟವೂ ಇದೆ. ಮಂಡಿ ಸೀನ್ ಕಥೆಗೆ ಬೇಡ ಅಂತ ನನಗೆ ಮೊದಲೇ ಅನಿಸಿತ್ತು. ನಂಬರ್ ಬಿದ್ದಿದೆಯಲ್ಲ ಅಂತ ಮುಟ್ಟಲಿಲ್ಲ. ಮಂಡಿಯವರು ಬೇಡ ಅಂದದ್ದು ಒಂಥರಾ ಉಪಕಾರವೇ.

ಪುಟಕ್ಕೊಂದು ನಿಮಿಷ ಅನ್ನೋ ಲೆಕ್ಕ ನಂಬಿ ದಿನಗಳನ್ನು ಹಂಚಬೇಡಿ. ಅದು ಇಂಗ್ಲಿಷಿನ 12 ಪಾಯಿಂಟ್ ಕೊರಿಯರ್ ಅಕ್ಷರಕ್ಕೆ ಹೊಂದಿಕೊಂಡ ಲೆಕ್ಕ. ಒತ್ತಕ್ಷರ ಇರುವ ನಮ್ಮ ಸಾಲು ಜಾಸ್ತಿ ಎತ್ತರ ತಿನ್ನುತ್ತದೆ. ಜೋರಾಗಿ ಓದಿ ಗಡಿಯಾರ ನೋಡಿ.

ಅಂದಹಾಗೆ ಮುಂದಿನದು ಬೆಳಗಿನ ಬೆಂಗಳೂರು ರೈಲಿನ ಕಥೆ. ಸೀಸನ್ ಪಾಸಿನ ನಾಲ್ವರು, ಇಸ್ಪೀಟು, ಒಂದೇ ಬೋಗಿ. ಇಡೀ ಸಿನಿಮಾ ಒಂದೇ ಜಾಗ ಆದರೆ ನಂಬರ್ ಹೇಗೆ ಹಾಕೋದು? ಸ್ಟೇಷನ್ ಬಂದಾಗಲೆಲ್ಲ ಹೊಸ ನಂಬರ್ ಅಂತ ಯೋಚನೆ ಇದೆ, ಕಿಟಕಿ ಹೊರಗಿನ ನೋಟ ಬದಲಾಗುತ್ತದಲ್ವಾ. ಅದು ಆಮೇಲೆ.

ಈಗಿನ ಸ್ಥಿತಿ ಹೇಳುತ್ತೇನೆ. ಎರಡು ರಾತ್ರಿ ಕೂತು ಎಲ್ಲ ಫೈಲಿನ ಹೆಸರನ್ನೂ ನೋಟ್‌ಬುಕ್ಕಿನ ಹಳೇ ನಂಬರಿಗೆ ತಂದಿದ್ದೇನೆ. ತಾಯಿ ಈಗ ಸದ್ದಿಲ್ಲದೆ ಬೀಜ ಬಿಡಿಸುತ್ತಾಳೆ. ಹೊಸದಾಗಿ ಬರೆದ 11A ಮಾತ್ರ ಬಾಕಿ, ಜಗಳಕ್ಕೆ ಮುಂಚೆ ಅಣ್ಣ ಒಬ್ಬನೇ ತುಂಬಿದ ಮರ ನೋಡುತ್ತಾ ನಿಲ್ಲುವ ಸೀನ್. ನೋಡಲು ಹೋದರೆ ಮರದ ಮಾಲೀಕರು ಹೋದ ವಾರವೇ ಹಣ್ಣೆಲ್ಲ ಬಡಿಸಿ ಮಂಡಿಗೆ ಕಳಿಸಿದ್ದಾರೆ. ಮಂಡಿಯಿಂದ ನಾಲ್ಕು ಕೆಜಿ ಓಡು ಬಿಡಿಸದ ಹುಣಸೆ ತಂದಿದ್ದೇವೆ. ಶನಿವಾರ ಬೆಳಗ್ಗೆ ಏಣಿ, ಕಪ್ಪು ದಾರ ಹಿಡಿದು ಕಟ್ಟಲು ಬರುವವರು ಇದ್ದರೆ ಹೇಳಿ. ಬರೀ ಕ್ಯಾಮೆರಾಗೆ ಕಾಣುವ ಎರಡು ಕೊಂಬೆ.