ಬಾಟ್ ಒಬ್ಬನೇ ಮುಗಿಸುವ ಕೆಲಸ ಯಾವುದು, ನಮ್ಮನ್ನು ಕೇಳಬೇಕಾದ ಕೆಲಸ ಯಾವುದು

ಗೋಣಿಕೊಪ್ಪಲು
7 ಫೆಬ್ರವರಿ 2026, ಶನಿವಾರ

ರೊಬಸ್ಟಾ ಕೊಯ್ಲಿನ ಜೋರು ಇನ್ನೂ ಇಳಿದಿಲ್ಲ. ನಾನು ಸಾಫ್ಟ್‌ವೇರ್ ನೋಡಿಕೊಳ್ಳುವ ಕಾಫಿ ಗೋದಾಮಿನ ಮುಂದೆ ಬೆಳಗ್ಗೆಯಿಂದ ಜೀಪು, ಪಿಕಪ್ ಸಾಲು ನಿಂತಿರುತ್ತದೆ. ಒಂದು ಗಾಡಿಯ ತೂಕ ಮುಗಿಯಿತು ಅಂದರೆ ಕಂಪ್ಯೂಟರ್ ಕ್ಯೂನಲ್ಲಿ ಒಂದಷ್ಟು ಕೆಲಸ ಹುಟ್ಟುತ್ತವೆ. ಬೆಳೆಗಾರರಿಗೆ ತೂಕದ ಮೆಸೇಜ್ ಹೋಗಬೇಕು, ಸ್ಟಾಕ್ ಪುಸ್ತಕಕ್ಕೆ ಏರಬೇಕು. ಸ್ಯಾಂಪಲ್ ರಿಸಲ್ಟ್ ಬಂದ ಮೇಲೆ ಬಿಲ್ ಆಗಬೇಕು. ಕೊನೆಗೆ ದುಡ್ಡು ಬ್ಯಾಂಕಿಗೆ ಹೋಗಬೇಕು. ಇಷ್ಟನ್ನೂ ಸಂಜೆವರೆಗೆ ಕೂತು ಮಾಡುತ್ತಿದ್ದವರು ಕ್ಯಾಷಿಯರ್ ಅಕ್ಕ. ಈಗ ಬಾಟ್ ಬಂದಿದೆ. ಯಾವುದನ್ನು ಅದೊಂದೇ ಮುಗಿಸಬಹುದು, ಯಾವುದಕ್ಕೆ ಮನುಷ್ಯರ ಒಪ್ಪಿಗೆ ಬೇಕು ಅಂತ ಇವತ್ತು ಕೂತು ತೀರ್ಮಾನ ಮಾಡಿದೆವು.

ಯಜಮಾನರ ಮೊದಲ ಮಾತು ಸರಳವಾಗಿತ್ತು. "ಐವತ್ತು ಸಾವಿರದ ಒಳಗಿನದ್ದು ಅದೇ ಮಾಡಲಿ, ಮೇಲಿನದ್ದು ನನ್ನನ್ನು ಕೇಳಲಿ." ಎಲ್ಲರೂ ಮೊದಲು ಹೇಳುವುದು ಇದನ್ನೇ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಮೊತ್ತ ನೋಡಿ ಗೆರೆ ಎಳೆದರೆ ಗೆರೆ ತಪ್ಪು ಜಾಗದಲ್ಲಿ ಬೀಳುತ್ತದೆ ಅಂತ ನನ್ನ ವಾದ.

ಒಂದು ಲೆಕ್ಕ ಮುಂದಿಟ್ಟೆ. ಐವತ್ತು ಕೆಜಿಯ 40 ಚೀಲ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಬಂದಿದೆ. ನಮ್ಮ ಕಡೆ ಚೆರಿಗೆ ಬೆಲೆ ಕಟ್ಟುವುದು ಓಟಿ ಮೇಲೆ. ಅಂದರೆ ಒಂದು ಚೀಲದಿಂದ ಸಿಪ್ಪೆ ಹೋಗಿ ಎಷ್ಟು ಕೆಜಿ ಬೇಳೆ ಸಿಗುತ್ತದೋ ಅದರ ಮೇಲೆ. ಓಟಿ 27, ಲೆಕ್ಕಕ್ಕೆ ಸುಲಭ ಆಗಲಿ ಅಂತ ರೇಟ್ ಕೆಜಿ ಬೇಳೆಗೆ 200 ಅಂದುಕೊಳ್ಳೋಣ. ಚೀಲಕ್ಕೆ 5,400, ಒಟ್ಟು 2,16,000 ರೂಪಾಯಿ. ಮೊತ್ತ ದೊಡ್ಡದು. ಆದರೆ ಈ ಗುಣಾಕಾರ ಮಾಡಲು ಬಾಟ್ ಯಾರನ್ನೂ ಕೇಳಬೇಕಾಗಿಲ್ಲ. ಅದನ್ನು ಮತ್ತೆ ಎಷ್ಟು ಸಲ ಬೇಕಾದರೂ ಮಾಡಬಹುದು, ತಪ್ಪಿದ್ದರೆ ಅಳಿಸಿ ಬರೆಯಬಹುದು, ಇನ್ನೂ ಯಾರ ಕೈಗೂ ಹೋಗಿಲ್ಲ.

ಅದೇ ಓಟಿಯನ್ನು 27ರ ಬದಲು 28 ಅಂತ ಯಾರೋ ಟೈಪ್ ಮಾಡಿದರು ಅಂತಿಟ್ಟುಕೊಳ್ಳಿ. ವ್ಯತ್ಯಾಸ 8,000 ರೂಪಾಯಿ. ಐವತ್ತು ಸಾವಿರದ ಗೆರೆಯಿಂದ ಎಷ್ಟೋ ಕೆಳಗೆ. 72 ಅಂತ ಹೊಡೆದಿದ್ದರೆ ಬಾಟ್ ಹಿಡಿಯುತ್ತಿತ್ತು, ಚೆರಿಯಲ್ಲಿ ಅಷ್ಟು ಓಟಿ ಬರುವುದಿಲ್ಲ. 28 ಬರುತ್ತದೆ. ಹಾಗಾಗಿ ಅದಕ್ಕೆ ಅನುಮಾನ ಬರುವುದಿಲ್ಲ. ಸ್ಯಾಂಪಲ್ ಕುಟ್ಟಿ ತೂಗಿದ ಹುಡುಗನ ಚೀಟಿ ನೋಡಿದವರಿಗೆ ಮಾತ್ರ ಗೊತ್ತು.

ಆದ್ದರಿಂದ ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ ಹಾಕಿದೆವು. ಮಾಡಿದ ಮೇಲೆ ನಾವೇ, ಬೇರೆಯವರ ಕೈಕಾಲು ಹಿಡಿಯದೆ, ಹಿಂದಕ್ಕೆ ತೆಗೆದುಕೊಳ್ಳಬಹುದಾ? ಸರಿಯೋ ತಪ್ಪೋ ಅಂತ ನೋಡಲು ಬೇಕಾದ ಮಾಹಿತಿ ಬಾಟ್ ಕಣ್ಣಿಗೆ ಬೀಳುತ್ತದಾ? ಎರಡಕ್ಕೂ ಹೌದು ಅಂದರೆ ಅದೊಂದೇ ಮಾಡಲಿ. ಒಂದಕ್ಕೆ ಇಲ್ಲ ಅಂದರೂ ನಿಲ್ಲಲಿ.

ಸ್ಟಾಕ್ ಪುಸ್ತಕ ಸುಲಭವಾಗಿ ದಾಟಿತು. ತೂಕದ ಮೆಸೇಜ್ ಬಗ್ಗೆ ಸ್ವಲ್ಪ ಚರ್ಚೆ ಆಯಿತು. ಕಳಿಸಿದ ಮೆಸೇಜನ್ನು ವಾಪಸ್ ತರಲು ಆಗುವುದಿಲ್ಲ, ನಿಜ. ಆದರೆ ತೂಕ ನೇರವಾಗಿ ಕಾಟಾದಿಂದ ಬರುತ್ತದೆ, ಬೆಳೆಗಾರರೂ ಅಲ್ಲೇ ನಿಂತು ನೋಡಿರುತ್ತಾರೆ. ತಪ್ಪಿದರೆ ಮರುಕ್ಷಣ ಫೋನ್ ಬರುತ್ತದೆ. ಅದಕ್ಕೆ ಬಿಟ್ಟೆವು. ರೇಟ್ ಇರುವ ಮೆಸೇಜನ್ನು ಮಾತ್ರ ಬಿಡಲಿಲ್ಲ. ಇಲ್ಲಿ ವ್ಯಾಪಾರಿ ಬಾಯಿಂದ ಬಂದ ರೇಟ್ ಅಂದರೆ ಕೊಟ್ಟ ಮಾತು. "ಅದು ಕಂಪ್ಯೂಟರ್ ಕಳಿಸಿದ್ದು" ಅಂತ ಹೇಳಿ ನುಣುಚಿಕೊಳ್ಳಲು ಆಗುತ್ತದಾ?

ರೇಟ್ ಅಂದ ಕೂಡಲೇ ಇನ್ನೊಂದು ಬಂತು. ಹಲವರು ಕಾಫಿ ತಂದು ಗೋದಾಮಿನಲ್ಲಿ ಇಟ್ಟು ಹೋಗುತ್ತಾರೆ, ಬೆಲೆ ನೋಡಿಕೊಂಡು ಆಮೇಲೆ ಫಿಕ್ಸ್ ಮಾಡುತ್ತಾರೆ. ಫಿಕ್ಸ್ ಮಾಡುವುದು ವಾಟ್ಸಾಪ್‌ನಲ್ಲಿ. "ಇವತ್ತಿನ ರೇಟಿಗೆ ಅರ್ಧ ಹಾಕಿ." ಈ ಮೆಸೇಜ್ ರಾತ್ರಿ ಹನ್ನೆರಡು ದಾಟಿದ ಮೇಲೆ ಬಂದರೆ ಇವತ್ತು ಅಂದರೆ ಯಾವತ್ತು? ಲಂಡನ್ನಿನ ಕಾಫಿ ಮಾರ್ಕೆಟ್ ನಮ್ಮಲ್ಲಿ ಕತ್ತಲಾದ ಮೇಲೂ ನಡೆಯುತ್ತಿರುತ್ತದೆ, ಅದನ್ನು ನೋಡಿಯೇ ಅವರು ಮೆಸೇಜ್ ಹಾಕಿರುತ್ತಾರೆ. ಅರ್ಧ ಅಂದರೆ ಹೋದ ವಾರ ಇಟ್ಟದ್ದರಲ್ಲಿ ಅರ್ಧವೋ, ಇದ್ದದ್ದೆಲ್ಲದರಲ್ಲಿ ಅರ್ಧವೋ? ಬಾಟ್ ಮೆಸೇಜ್ ಓದಿ ಒಂದು ಕರಡು ತಯಾರು ಮಾಡಬಹುದು, ಯಾವ ಲಾಟ್, ಎಷ್ಟು ಚೀಲ, ಯಾವ ದಿನದ ರೇಟ್ ಅಂತ ತುಂಬಿಡಬಹುದು. ಫಿಕ್ಸ್ ಮಾಡುವಂತಿಲ್ಲ. ಬೆಳಗ್ಗೆ ರೇಟ್ ಬದಲಾದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಯಾರಾದರೂ ಒಬ್ಬರಿಗೆ ನಷ್ಟ ಆಗಿಯೇ ಆಗುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ದುಡ್ಡಿನ ವಿಷಯ.

ಮೊದಲು ಬ್ಯಾಂಕ್ ಅಕೌಂಟ್ ಬದಲಾವಣೆ. ಇದರಲ್ಲಿ ಮೊತ್ತವೇ ಇಲ್ಲ, ಯಜಮಾನರ ಗೆರೆಯ ಪ್ರಕಾರ ಸೊನ್ನೆ ರೂಪಾಯಿ ಕೆಲಸ. ಇಡೀ ಪಟ್ಟಿಯಲ್ಲಿ ನನಗೆ ಜಾಸ್ತಿ ಭಯ ಇರುವುದು ಇದರದ್ದೇ. ನೆಫ್ಟ್‌ನಲ್ಲಿ ದುಡ್ಡು ಜಮಾ ಆಗುವುದು ಅಕೌಂಟ್ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ನಂಬರ್ ಬೇರೆಯವರದ್ದಾದರೆ ದುಡ್ಡೂ ಬೇರೆಯವರಿಗೇ. ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯ 2025ರಲ್ಲಿ ಬಂದಿದೆ, ಒಳ್ಳೆಯದೇ. ಆದರೆ ಕೊಡಗಿನಲ್ಲಿ ಹೆಸರು ಹೊಂದಿತು ಅಂದರೆ ಮುಗಿಯಲಿಲ್ಲ. ಮನೆ ಹೆಸರು ಒಂದೇ, ಇಟ್ಟ ಹೆಸರೂ ಒಂದೇ, ಊರೂ ಒಂದೇ ಆಗಿರುವ ದೊಡ್ಡಪ್ಪ ಮತ್ತು ತಮ್ಮನ ಮಗ ನಮ್ಮ ಪಾರ್ಟಿ ಪಟ್ಟಿಯಲ್ಲೇ ಇದ್ದಾರೆ. (ಇದೇ ಕಾರಣಕ್ಕೆ, ಒಂದೇ ಹೆಸರಿನ ಎರಡು ಖಾತೆ ಕಂಡರೆ ಸೇರಿಸಿಬಿಡುವ ಕೆಲಸವನ್ನೂ ಬಾಟ್‌ಗೆ ಕೊಡಲಿಲ್ಲ. ಸೇರಿಸುವುದು ಒಂದು ಕ್ಲಿಕ್. ಬೇರೆ ಮಾಡಬೇಕಾದರೆ ಹಳೆಯ ಚೀಟಿ ಕಟ್ಟೆಲ್ಲ ಬಿಚ್ಚಬೇಕು.)

ಹಾಗಾಗಿ ನಂಬರ್ ಬದಲಾವಣೆಗೆ ಇಬ್ಬರು ಬೇಕು. ನಮೂದಿಸಿದವರೇ ಒಪ್ಪಿಗೆ ಕೊಡುವಂತಿಲ್ಲ. ಒಪ್ಪಿಗೆ ಕೊಡುವವರು ಬೆಳೆಗಾರರ ಹಳೆಯ ಫೋನ್ ನಂಬರಿಗೆ ಕರೆ ಮಾಡಬೇಕು. ಬದಲಾವಣೆ ಕೇಳಿ ಬಂದ ಮೆಸೇಜಿನಲ್ಲಿರುವ ನಂಬರಿಗೆ ಅಲ್ಲ. ಮೋಸ ಮಾಡುವವನು ಆ ನಂಬರನ್ನೂ ತನ್ನದೇ ಕೊಟ್ಟಿರುತ್ತಾನಲ್ಲ. ಫೋನಿನಲ್ಲಿ ಕೇಳಿದ ಹೊಸ ಅಕೌಂಟ್ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಟೈಪ್ ಮಾಡಬೇಕು. ಸ್ಕ್ರೀನಿನಲ್ಲಿ ಆ ನಾಲ್ಕು ಅಂಕಿ ಮುಚ್ಚಿರುತ್ತದೆ. ನೋಡಿ ಬರೆಯಲು ಆಗುವುದಿಲ್ಲ, ಕೇಳಿಯೇ ಬರೆಯಬೇಕು.

ಇನ್ನು ದುಡ್ಡು ಕಳಿಸುವುದು. ಇದಕ್ಕೆ ಒಪ್ಪಿಗೆ ಬೇಕು ಅನ್ನುವುದರಲ್ಲಿ ತಕರಾರು ಇರಲಿಲ್ಲ. ಒಪ್ಪಿಗೆ ಯಾವುದಕ್ಕೆ ಅನ್ನುವುದನ್ನು ಬಿಗಿ ಮಾಡಿದೆವು. ಅಕ್ಕ ಒಪ್ಪುವುದು ಆ ಪಾರ್ಟಿ, ಆ ಅಕೌಂಟ್, ಆ ಮೊತ್ತಕ್ಕೆ ಮಾತ್ರ. ಒಪ್ಪಿದ ಮೇಲೆ ಅದರಲ್ಲಿ ಒಂದು ಅಂಕಿ ಬದಲಾದರೂ ಒಪ್ಪಿಗೆ ಬಿದ್ದುಹೋಗಿ ಕೆಲಸ ಮತ್ತೆ ಅವರ ಮುಂದೆ ಬರುತ್ತದೆ. ಆ ದಿನ ಸಂಜೆಗೆ ಒಪ್ಪಿಗೆಯ ಅವಧಿಯೂ ಮುಗಿಯುತ್ತದೆ. 2019ರ ಡಿಸೆಂಬರಿನಿಂದ ನೆಫ್ಟ್ ರಾತ್ರಿ ಹಗಲು ಅರ್ಧ ಗಂಟೆಗೊಮ್ಮೆ ಓಡುತ್ತದೆ. ನಡುರಾತ್ರಿ ಎರಡಕ್ಕೆ ಹೋದ ತಪ್ಪು ದುಡ್ಡನ್ನು ಬೆಳಗ್ಗೆವರೆಗೆ ನೋಡುವವರು ಯಾರು?

ಆಮೇಲೆ ಕರೆಂಟ್ ಪ್ರಶ್ನೆ. ಮಳೆಗಾಲದಲ್ಲಿ ಇಲ್ಲಿ ಲೈನೂ ಹೋಗುತ್ತದೆ, ನೆಟ್ಟೂ ಹೋಗುತ್ತದೆ. ಬಾಟ್ ಬ್ಯಾಂಕಿಗೆ ಆದೇಶ ಕಳಿಸಿತು, ಉತ್ತರ ಬರುವ ಮೊದಲು ನೆಟ್ ಹೋಯಿತು. ದುಡ್ಡು ಹೋಯಿತಾ ಇಲ್ಲವಾ? ಸಾಮಾನ್ಯ ಕ್ಯೂ ಇದನ್ನು ಕೇಳುವುದಿಲ್ಲ. ಕೆಲಸ ತೆಗೆದುಕೊಂಡವರು ಹೇಳಿದ ಸಮಯದೊಳಗೆ "ಮುಗಿಯಿತು" ಅನ್ನದಿದ್ದರೆ ಅದನ್ನು ಮತ್ತೆ ಸಾಲಿಗೆ ಹಾಕುತ್ತದೆ. ಅಮೆಜಾನ್‌ನ ಎಸ್‌ಕ್ಯೂಎಸ್ ಅನ್ನುವ ಕ್ಯೂ ಸೇವೆಯಲ್ಲಿ ನಾವು ಬದಲಾಯಿಸದಿದ್ದರೆ ಆ ಸಮಯ 30 ಸೆಕೆಂಡ್. ಇಂಥ ಕ್ಯೂಗಳು ಕೊಡುವ ಭರವಸೆ ಕನಿಷ್ಠ ಒಂದು ಸಲ ತಲುಪಿಸುತ್ತೇವೆ ಅಂತ. ಒಂದೇ ಸಲ ಅಂತ ಅಲ್ಲ. ಸ್ಟಾಕ್ ನಮೂದು ಎರಡು ಸಲ ಬಂದರೆ ಚೀಟಿ ನಂಬರ್ ನೋಡಿ ಎರಡನೆಯದನ್ನು ಬಿಸಾಕಬಹುದು. 2,16,000 ಎರಡು ಸಲ ಹೋದರೆ?

ಅದಕ್ಕೆ ಪಾವತಿಗೆ "ಆಯಿತು", "ಆಗಲಿಲ್ಲ" ಜೊತೆಗೆ "ಗೊತ್ತಿಲ್ಲ" ಅಂತ ಮೂರನೆಯ ಸ್ಥಿತಿ ಇಟ್ಟೆವು. ಆದೇಶ ಕಳಿಸುವ ಮುಂಚೆಯೇ ಬಾಟ್ ಚೀಟಿ ನಂಬರಿನ ಎದುರು "ಕಳಿಸುತ್ತಿದ್ದೇನೆ" ಅಂತ ಬರೆದಿಡುತ್ತದೆ. ಎರಡನೇ ಸಲ ಅದೇ ಚೀಟಿ ಕೈಗೆ ಬಂದು ಆ ಬರಹ ಕಂಡರೆ ಮತ್ತೆ ಕಳಿಸುವುದಿಲ್ಲ, "ಗೊತ್ತಿಲ್ಲ" ಅಂತ ಗುರುತು ಹಾಕಿ ಅಕ್ಕನ ಮುಂದೆ ಇಡುತ್ತದೆ. ಅವರು ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದು ಆ ಪಾವತಿಗೆ ಬ್ಯಾಂಕ್ ಕೊಡುವ ಯುಟಿಆರ್ ನಂಬರ್ ಇದೆಯಾ ನೋಡಿ, ಇದ್ದರೆ ಅದನ್ನು ತುಂಬಿ ಮುಗಿಸುತ್ತಾರೆ. ಇಲ್ಲ ಅಂದರೂ ಮುಂದಿನ ಬ್ಯಾಚ್ ಕಳೆಯುವವರೆಗೆ ಕಾಯುತ್ತಾರೆ. ಬೆಳೆಗಾರರಿಗೆ ದುಡ್ಡು ಒಂದು ಗಂಟೆ ತಡ ಆಗಬಹುದು. ಆಗಲಿ.

ಎಲ್ಲ ಸೇರಿ ಬಾಟ್ ಪಾಲಿಸಬೇಕಾದ ಫೈಲ್ ಹೀಗಾಯಿತು. auto ಅಂದರೆ ಬಾಟ್ ಒಂದೇ ಮಾಡಲಿ, confirm ಅಂದರೆ ಒಪ್ಪಿಗೆ ಬೇಕು, confirm_two ಅಂದರೆ ಇಬ್ಬರು ಬೇಕು:

```yaml
stock_post:   auto
weight_sms:   auto
bill_calc:    auto
ot_entry:     confirm
rate_sms:     confirm
rate_fix:     confirm
payment:      confirm
party_merge:  confirm
bank_change:  confirm_two
default:      confirm
```

ಕೊನೆಯ ಸಾಲು ಇಲ್ಲದಿದ್ದರೆ ಉಳಿದದ್ದಕ್ಕೆ ಅರ್ಥ ಇಲ್ಲ. ನಾಳೆ ಯಾರೋ ಮೆಣಸು ವ್ಯಾಪಾರಕ್ಕೆ ಅಂತ ಹೊಸ ಕೆಲಸ ಸೇರಿಸುತ್ತಾರೆ, ಈ ಫೈಲಿಗೆ ಬರೆಯಲು ಮರೆಯುತ್ತಾರೆ. ಹೆಸರೇ ಗೊತ್ತಿಲ್ಲದ ಕೆಲಸ ಮನುಷ್ಯರ ಬಳಿಗೇ ಹೋಗಬೇಕು. ಫೈಲ್ ಬದಲಾಯಿಸುವ ಅನುಮತಿಯೂ ಬಾಟ್‌ನ ಲಾಗಿನ್‌ಗೆ ಇಲ್ಲ.

ಪಟ್ಟಿ ನೋಡಿ ಯಜಮಾನರಿಗೆ ಹುಮ್ಮಸ್ಸು ಬಂತು. "ಹಾಗಾದರೆ ಎಲ್ಲದಕ್ಕೂ ಕನ್ಫರ್ಮ್ ಹಾಕಿಬಿಡಿ, ಸೇಫ್ ಅಲ್ವಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು, "ಸರ್, ಸಂಜೆ ಐದು ಗಂಟೆಗೆ ನನ್ನ ಮುಂದೆ ಇನ್ನೂರು ಬಂದರೆ ನಾನು ಸುಮ್ನೆ ಒತ್ತುತ್ತಾ ಹೋಗುತ್ತೇನೆ."

ಅದು ಸತ್ಯ. ಓದದೆ ಒತ್ತಿದ ಒಪ್ಪಿಗೆಗಿಂತ ಒಪ್ಪಿಗೆ ಇಲ್ಲದಿರುವುದೇ ವಾಸಿ, ಯಾಕೆಂದರೆ ಒಪ್ಪಿಗೆ ಇದೆ ಅಂತ ಉಳಿದವರೆಲ್ಲ ನಿಶ್ಚಿಂತೆಯಿಂದ ಇರುತ್ತಾರೆ. ಅದನ್ನು ಕಂಡುಹಿಡಿಯಲು ಎರಡು ವಿಷಯ ಬರೆದಿಡುವಂತೆ ಮಾಡಿದ್ದೇನೆ. ಒಪ್ಪಿಗೆ ಕೇಳುವ ಕಾರ್ಡನ್ನು ಸ್ಕ್ರೀನಿನಲ್ಲಿ ತೆರೆದದ್ದಕ್ಕೂ ಒತ್ತಿದ್ದಕ್ಕೂ ನಡುವೆ ಎಷ್ಟು ಸೆಕೆಂಡ್, ಮತ್ತು ವಾರದಲ್ಲಿ ಎಷ್ಟು ಬೇಡ ಅಂದರು. ಎಲ್ಲವೂ ಎರಡು ಸೆಕೆಂಡಿನಲ್ಲಿ ಪಾಸಾಗಿ, ಬೇಡ ಅನ್ನುವುದು ಒಂದೂ ಇಲ್ಲದಿದ್ದರೆ ಯಾರೂ ಓದುತ್ತಿಲ್ಲ ಅಂತ ಲೆಕ್ಕ. ಆಗ ಆ ಬಗೆಯ ಕೆಲಸದಲ್ಲಿ ಬಾಟ್ ತಾನೇ ನೋಡಬಹುದಾದದ್ದು ಏನಿದೆ ಅಂತ ಹುಡುಕಿ, ಅಕ್ಕನ ಮುಂದೆ ಬರುವುದನ್ನು ಕಡಿಮೆ ಮಾಡಬೇಕು. ಬೈದು ಪ್ರಯೋಜನ ಇಲ್ಲ.

ಸೋಮವಾರದಿಂದ auto ಅಂತ ಬರೆದದ್ದನ್ನೂ ಬಾಟ್ ನಿಜವಾಗಿ ಮಾಡುವುದಿಲ್ಲ. ತಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಬರೆದಿಡುತ್ತದೆ ಅಷ್ಟೇ, ಕೆಲಸ ಅಕ್ಕನದ್ದೇ. ರಾತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಮೊದಲು ಬಿಡುವುದು ಸ್ಟಾಕ್ ನಮೂದು.

ಓಟಿ ಬಗ್ಗೆ ಮಾತ್ರ ಒಮ್ಮತ ಆಗಲಿಲ್ಲ. ಸ್ಯಾಂಪಲ್ ತೂಗುವ ಮಾಪಕವನ್ನೇ ಕಂಪ್ಯೂಟರಿಗೆ ಜೋಡಿಸಿದರೆ ಟೈಪ್ ಮಾಡುವ ತಪ್ಪು ಹೋಗುತ್ತದೆ, ಆಗ ಅದನ್ನೂ ಬಾಟ್‌ಗೆ ಬಿಡಬಹುದು ಅಂತ ಯಜಮಾನರು. ಸ್ಯಾಂಪಲ್ ಯಾವ ಚೀಲದಿಂದ ತೆಗೆದರು, ಮೇಲಿನಿಂದಲೋ ಅಡಿಯಿಂದಲೋ, ಅದು ಮಾಪಕಕ್ಕೆ ಗೊತ್ತಾಗುವುದಿಲ್ಲ ಅಂತ ಅಕ್ಕ. ನಾನು ಸದ್ಯಕ್ಕೆ ಅಕ್ಕನ ಕಡೆ.