ಸ್ಲೈಡಿನಲ್ಲಿದ್ದ ಬಾಣದ ಗುರುತು

ದಾವಣಗೆರೆಯಲ್ಲಿ ಮೆಕ್ಕೆಜೋಳದ ರೈತರಿಗೆ ಒಂದು ದಿನದ ತರಬೇತಿ ನಡೆದಿತ್ತು. ಅಲ್ಲಿ ತೋರಿಸಿದ ಹದಿನಾಲ್ಕು ಸ್ಲೈಡುಗಳನ್ನು ಓದಲು ಬರುವಂಥ ಕೈಪಿಡಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ತರಬೇತಿಗೆ ನಾನು ಹೋಗಿರಲಿಲ್ಲ. ಕೈಯಲ್ಲಿದ್ದದ್ದು ಫೈಲು ಮಾತ್ರ.

ಒಂಬತ್ತನೇ ಸ್ಲೈಡು ಫಾಲ್ ಸೈನಿಕ ಹುಳುವಿನದು. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡು, ಸುಳಿಯೊಳಗೆ ಕೂತು ಮೆಕ್ಕೆಜೋಳ ತಿನ್ನುವ ಹುಳು ಅದು. ಸ್ಲೈಡಿನಲ್ಲಿದ್ದ ಸಾಲು ಇಷ್ಟೇ: "ಬೇವು – 5 ಮಿ.ಲೀ. – 2 ಸಲ → ಹುಳು ಇಳಿಕೆ".

ನಾನು ಬರೆದದ್ದು: "ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಬೆರೆಸಿ ಎರಡು ಸಲ ಸಿಂಪಡಿಸಿದ್ದರಿಂದ ಹುಳು ಕಡಿಮೆಯಾಯಿತು." ಓದಲು ಚೆನ್ನಾಗಿಯೇ ಇತ್ತು. ಆಮೇಲೆ, ಎಂದಿನ ರೂಢಿಯಂತೆ, ಸ್ಲೈಡಿನಲ್ಲಿ ಇಲ್ಲದ್ದಕ್ಕೆಲ್ಲ ಕೆಂಪು ಗೆರೆ ಎಳೆದೆ. "ಲೀಟರ್ ನೀರಿಗೆ", "ಎಣ್ಣೆ", "ಸಿಂಪಡಿಸಿದ್ದರಿಂದ" ಮೂರೂ ನನ್ನವು.

ಮೂರನೆಯದೇ ಹೆಚ್ಚು ಕಾಡಿತು. ಸ್ಲೈಡಿನಲ್ಲಿ ಕ್ರಿಯಾಪದವೇ ಇರುವುದಿಲ್ಲ. ಕನ್ನಡದಲ್ಲಿ ವಾಕ್ಯ ಮುಗಿಸಲು ಹೊರಟರೆ "ಸಿಂಪಡಿಸಿದರು" ಅನ್ನಬೇಕು, ಇಲ್ಲವೇ "ಸಿಂಪಡಿಸಬೇಕು" ಅನ್ನಬೇಕು. ಒಂದು ನಡೆದ ಸಂಗತಿ, ಇನ್ನೊಂದು ಸಲಹೆ. ಬಾಣವೂ ಹಾಗೆಯೇ: ಇದರಿಂದ ಅದಾಯಿತು ಎಂದೋ, ಇದಾದ ಮೇಲೆ ಅದು ಕಂಡಿತು ಎಂದೋ ತಿಳಿಯುವುದಿಲ್ಲ. ಸ್ಲೈಡಿನ ಅಡಿಯ ನೋಟ್ಸ್ ಜಾಗ ತೆರೆದು ನೋಡಿದೆ, ಖಾಲಿ. ಎಷ್ಟೋ ಸಲ ಮಾತಾಡುವವರು ಅಲ್ಲಿ ಪೂರ್ತಿ ವಾಕ್ಯ ಬರೆದಿಟ್ಟಿರುತ್ತಾರೆ, ಹಾಗಾಗಿ ಮೊದಲು ನೋಡುವುದು ಅದನ್ನೇ.

ಸ್ಲೈಡು ಮಾಡಿದ ತಜ್ಞರಿಗೇ ಫೋನ್ ಮಾಡಿದೆ. "ಇದರ ಅರ್ಥ ಏನು ಸರ್" ಎಂದು ಕೇಳಿದರೆ ಭಾಷಣ ಶುರುವಾಗುತ್ತದೆ. ಅದಕ್ಕೆ ಗೆರೆ ಎಳೆದ ಒಂದೊಂದನ್ನೇ ಕೇಳಿದೆ.

"ಲೀಟರಿಗೇನೇ ಅಮ್ಮ. ಆದ್ರೆ ಬರೀ ಎಣ್ಣೆ ಅಲ್ಲ, ಅಂಗಡೀಲಿ ಸಿಗೋ ಬೇವಿನ ಔಷಧಿ, ಅಜಾಡಿರಾಕ್ಟಿನ್ 1500 ಪಿಪಿಎಂ ಅಂತ ಬರಿ. ಸಿಂಪಡಿಸಿದ್ದು ನಾವು ನೋಡಿದ ಹೊಲದಲ್ಲಿ."

"ಅದರಿಂದಲೇ ಹುಳು ಇಳೀತಾ ಸರ್?"

ಸ್ವಲ್ಪ ತಡೆದರು. "ಹಂಗಂತ ಬರೀಬೇಡ. ಅದೇ ವಾರ ಜೋರು ಮಳೆ ಬಂತು. ಸುಳಿಯೊಳಗೆ ನೀರು ನಿಂತ್ರೆ ಮರಿಹುಳು ಸಾಯ್ತಾವೆ. ಯಾವುದರಿಂದ ಎಷ್ಟು ಅಂತ ನಾವು ಬೇರೆ ಮಾಡಿ ನೋಡಿಲ್ಲ."

ಲೀಟರಿನ ಊಹೆ ಸರಿಯಾಗಿತ್ತು, ಎಣ್ಣೆಯದು ತಪ್ಪಾಗಿತ್ತು. ಕೇಳುವ ತನಕ ಎರಡೂ ನನಗೆ ಒಂದೇ ಥರ ಕಂಡಿದ್ದವು. ತಿದ್ದಿ ಬರೆದೆ: "ನೋಡಿದ ಹೊಲದಲ್ಲಿ ಅಜಾಡಿರಾಕ್ಟಿನ್ 1500 ಪಿಪಿಎಂ ಅನ್ನು ಲೀಟರ್ ನೀರಿಗೆ 5 ಮಿ.ಲೀ.ನಂತೆ ಎರಡು ಸಲ ಸಿಂಪಡಿಸಲಾಗಿತ್ತು. ಬಳಿಕ ಹುಳು ಕಡಿಮೆಯಾಗಿದ್ದು ಕಂಡಿತು. ಅದೇ ವಾರ ಜೋರು ಮಳೆಯೂ ಆಗಿತ್ತು."

ಎರಡು ಸಿಂಪಡಣೆಗಳ ನಡುವೆ ಎಷ್ಟು ದಿನ ಎಂಬುದು ಉಳಿಯಿತು. ಡೈರಿ ನೋಡಿ ಹೇಳುತ್ತೇನೆ ಅಂದವರು ಮೂರನೇ ದಿನ ಫೋನ್ ಮಾಡಿ, ಬರೆದಿಟ್ಟಿಲ್ಲ ಅಂದರು. "ಎರಡನೇ ಸಿಂಪಡಣೆಗೆ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಅಂತ ಸೇರಿಸಲಾ ಸರ್?" ಎಂದೆ.

"ಸೇರಿಸಮ್ಮ, ದಿನದ ಲೆಕ್ಕ ಹಾಕಬೇಡ" ಅಂದರು.