ಮಂಪರನ್ನು ಕಾಯಿಲೆ ಎಂದು ಗುರುತು ಹಾಕಿದ ದಿನ

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯ ಟೆಕ್ನೀಶಿಯನ್ ಆಗಿ ಸೇರಿದ ಮೊದಲ ವರ್ಷದ ಮಾತು. ನಲವತ್ತರ ಆಸುಪಾಸಿನ ಲಾರಿ ಡ್ರೈವರ್ ಒಬ್ಬರು ಬಂದಿದ್ದರು. ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದಿದ್ದರಿಂದ ಫಿಟ್ಸ್ ಇರಬಹುದೇ ಎಂಬ ಅನುಮಾನ. ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿ ಬನ್ನಿ ಎಂದು ನಾವೇ ಹೇಳಿದ್ದೆವು.

ತಲೆಯಲ್ಲಿ ಎಣ್ಣೆ ಇತ್ತು. ಬೈತಲೆ ಬೈತಲೆಯಾಗಿ ಕೂದಲು ಸರಿಸಿ, ಚರ್ಮ ಉಜ್ಜಿ, ಪೇಸ್ಟ್ ಹಚ್ಚಿ ಒಂದೊಂದೇ ಎಲೆಕ್ಟ್ರೋಡ್ ಕೂರಿಸಿದೆ. ಪ್ರತಿಯೊಂದರ ತಡೆ 5 ಕಿಲೋ ಓಮ್‌ಗಿಂತ ಕೆಳಗೆ ಬರುವವರೆಗೂ ಬಿಡಲಿಲ್ಲ. ಈ ಹಟಕ್ಕೆ ಕಾರಣವಿದೆ. ನಾವು ತಲೆಗೆ ಕರೆಂಟ್ ಕೊಡುವುದಿಲ್ಲ; ಲಕ್ಷಾಂತರ ನರಕೋಶಗಳು ಒಟ್ಟಿಗೆ ಏರಿಳಿಯುವಾಗ ಎರಡು ಎಲೆಕ್ಟ್ರೋಡ್‌ಗಳ ನಡುವೆ ಹುಟ್ಟುವ ವ್ಯತ್ಯಾಸವನ್ನು ಹಿಗ್ಗಿಸಿ ನೋಡುತ್ತೇವೆ, ಅಷ್ಟೆ. ಆ ವ್ಯತ್ಯಾಸ ಸುಮಾರು 50 ಮೈಕ್ರೋವೋಲ್ಟ್, ಅಂದರೆ ಪೆನ್ಸಿಲ್ ಸೆಲ್‌ನ 30,000ದಲ್ಲಿ ಒಂದು ಪಾಲು. ಒಂದು ಎಲೆಕ್ಟ್ರೋಡ್ ಸಡಿಲವಾದರೂ ಗೋಡೆಯ ವೈರಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಅದನ್ನು ಮುಚ್ಚಿಬಿಡುತ್ತದೆ.

ಕಣ್ಣು ತೆರೆದಿದ್ದಾಗ ಪರದೆಯ ಮೇಲಿನ ಗೆರೆಗಳ ಅಲೆಗಳು ಚಿಕ್ಕವು, ಚುರುಕಾದವು. ಸೆಕೆಂಡಿಗೆ 13ಕ್ಕಿಂತ ಹೆಚ್ಚು ಬಾರಿ ಏರಿಳಿಯುವ ಬೀಟಾ ಅದು. ನಿದ್ದೆಮಾತ್ರೆ ತಿಂದವರಲ್ಲಿ ಇನ್ನೂ ಎದ್ದು ಕಾಣುತ್ತದೆ. "ಕಣ್ಣು ಮುಚ್ಚಿ" ಎಂದೆ. ತಲೆಯ ಹಿಂಭಾಗದ ಎಲೆಕ್ಟ್ರೋಡ್‌ಗಳ ಗೆರೆಗಳಲ್ಲಿ, ಅಂದರೆ ಚಾನೆಲ್‌ಗಳಲ್ಲಿ, ಆಲ್ಫಾ ಮೂಡಿತು. ಸೆಕೆಂಡಿಗೆ 10 ಅಲೆ, ಬಾಚಣಿಗೆಯ ಹಲ್ಲಿನಂತೆ. ಎಚ್ಚರವಾಗಿದ್ದು ನಿರಾಳವಾಗಿ ಮಲಗಿದವರ ಲಯವಿದು. ವಯಸ್ಕರಲ್ಲಿ ಸಾಮಾನ್ಯವಾಗಿ 8ರಿಂದ 13ರೊಳಗಿರುತ್ತದೆ.

ಐದಾರು ನಿಮಿಷದಲ್ಲಿ ಆಲ್ಫಾ ಚೂರುಚೂರಾಗಿ ಮಾಯವಾಯಿತು. ಅದರ ಜಾಗದಲ್ಲಿ ಸೆಕೆಂಡಿಗೆ 5-6ರ ನಿಧಾನ ಅಲೆಗಳು, ಥೀಟಾ. ಗಾಬರಿಯಾಗಿ "ಎಲ್ಲೆಡೆ ನಿಧಾನ ಅಲೆ" ಎಂದು ಗುರುತು ಹಾಕಿದೆ. ಮಿದುಳಿಗೇನೋ ಆಗಿದೆ ಎಂದೇ ನನ್ನ ಎಣಿಕೆ.

ಹಿರಿಯ ಮೇಡಂ ಪರದೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಆಗ ಅವರು ಎಚ್ಚರ ಇದ್ರೇನಮ್ಮ?" ನಾನು ಗಮನಿಸಿರಲಿಲ್ಲ. ಹಣೆಯ ಪಕ್ಕದ ಚಾನೆಲ್‌ಗಳನ್ನು ತೋರಿಸಿದರು. ಅಲ್ಲಿ ಕಣ್ಣುಗುಡ್ಡೆ ಮೆಲ್ಲಗೆ ಅತ್ತಿತ್ತ ಹೊರಳಿದ ಉದ್ದನೆಯ ಅಲೆಗಳಿದ್ದವು, ತೂಕಡಿಕೆಯ ಸ್ಪಷ್ಟ ಗುರುತು. ಹಾಸಿಗೆಯ ಬಳಿ ಹೋಗಿ, "ಅಣ್ಣಾ, ಯಾವ ಊರಾಯ್ತು ನಿಮ್ದು?" ಎಂದರು. ಅವರು ಉತ್ತರಿಸುವಷ್ಟರಲ್ಲಿ 10ರ ಆಲ್ಫಾ ವಾಪಸ್ ಬಂದಿತ್ತು. ನಿಜವಾಗಿ ಮಿದುಳು ಮಂಕಾದವರಲ್ಲಿ ಎಷ್ಟು ಕೂಗಿದರೂ ಅದು ಹಾಗೆ ಮರಳುವುದಿಲ್ಲ.

ಆಮೇಲೆ ಮಲಗಲು ಬಿಟ್ಟೆವು. ನಿದ್ದೆ ಆಳವಾದಂತೆ 4ಕ್ಕಿಂತ ಕಡಿಮೆಯ ದೊಡ್ಡ ಡೆಲ್ಟಾ ಅಲೆಗಳು ಬಂದವು. ಗಾಢ ನಿದ್ದೆಯಲ್ಲಿ ಅವು ಬರಲೇಬೇಕು. ಇದೇ ಡೆಲ್ಟಾ ಎಚ್ಚರವಿರುವ ವಯಸ್ಕರಲ್ಲಿ, ಒಂದೇ ಜಾಗದಲ್ಲಿ ಬಿಡದೆ ಕಂಡರೆ ಅದರ ಕೆಳಗೆ ಗಡ್ಡೆಯೋ ಪೆಟ್ಟೋ ಇರಬಹುದೆಂದು ಹುಡುಕುತ್ತಾರೆ.

ಈಗ ರೆಕಾರ್ಡಿಂಗ್ ಉದ್ದಕ್ಕೂ "ಎಚ್ಚರ", "ಮಂಪರು", "ಕರೆದೆ, ಓಗೊಟ್ಟರು" ಎಂದು ಬರೆಯುತ್ತಾ ಹೋಗುತ್ತೇನೆ. ಅಂದು ಆ ಡ್ರೈವರ್ ವರದಿ ನಾರ್ಮಲ್ ಬಂತು. ಆದರೆ ಫಿಟ್ಸ್ ಇರುವವರಲ್ಲೂ ಒಂದು ಇಇಜಿ ನಾರ್ಮಲ್ ಬರಬಹುದು. ಅದನ್ನು ಡಾಕ್ಟರ್ ಬಿಡಿಸಿ ಹೇಳಿ, ಸದ್ಯಕ್ಕೆ ಲಾರಿ ಓಡಿಸಬೇಡಿ ಎಂದು ಕಳಿಸಿದರು.